ಮೊದಲ ಎಚ್ ಬಿಟ್ಟ ಕೀಲಿ

ಗುಂಡ್ಲುಪೇಟೆ ಶಾಖೆಯ ಹಳೆಯ ಕಡತಗಳನ್ನು ಚಾಮರಾಜನಗರದ ನಮ್ಮ ಆಸ್ಪತ್ರೆಯ ಕಂಪ್ಯೂಟರಿಗೆ ಸೇರಿಸುವುದು ನನ್ನ ಕೆಲಸವಾಗಿತ್ತು. ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದರು. ಒಂದೇ ಥರ ಕೇಳಿಸುವ ಹೆಸರುಗಳನ್ನು ಕೂಡಿಸಲು ಇಂಗ್ಲಿಷ್ ಹೆಸರುಗಳಿಗೆಂದು ಮಾಡಿದ ಹಳೆಯ ಸೂತ್ರವೊಂದಿದೆ; ಅದು ಮೊದಲ ಅಕ್ಷರವನ್ನು ಮುಟ್ಟುವುದಿಲ್ಲ. ಹಕಾರ ನುಂಗುವ ನಮ್ಮ ಸೀಮೆಗೆ ಅದು ಒಗ್ಗಲಿಲ್ಲ. ನಾನು ಮೊದಲ ಎಚ್ ಬಿಟ್ಟೆ, ವಿ ಮತ್ತು ಡಬ್ಲ್ಯೂ ಒಂದೇ ಎಂದೆ, ಜೋಡಿ ಅಕ್ಷರ ಒಂಟಿ ಮಾಡಿದೆ, ಸ್ವರಗಳನ್ನು ತೆಗೆದು ಉಳಿದುದನ್ನು ಕಡತ ಹುಡುಕುವ ಕೀಲಿಯಾಗಿಸಿದೆ.

ಒಂದು ಸೋಮವಾರ ತೆರಕಣಾಂಬಿಯ ಅಜ್ಜಿಯೊಬ್ಬರು ಜ್ವರವೆಂದು ಬಂದರು. ಹಿಂದೆ ಯಾವುದೋ ಇಂಜೆಕ್ಷನ್ ಮೈಗಾಗದೆ ಒದ್ದಾಡಿದ್ದರಂತೆ. ಯಾವುದೆಂದು ಹಳೆಯ ಕಡತವೇ ಹೇಳಬೇಕು. ಅಜ್ಜಿಯ ಹೆಸರು ಹಾಕಿದರೆ ಕೀಲಿ ಅದೇ ಊರಿನ, ಅದೇ ವಯಸ್ಸಿನ ಇಬ್ಬರನ್ನು ತೋರಿಸಿತು; ಗಂಡನ ಹೆಸರಷ್ಟೇ ಬೇರೆ.

"ಯಜಮಾನರ ಹೆಸರೇನಜ್ಜಿ?"

"ಅಯ್ಯೋ, ಅವರ್ ಎಸ್ರ ನಾನೇಳದಾ? ಬುಡು ಮಗ."

ಜೊತೆಗಿದ್ದ ಸೊಸೆಯನ್ನು ಕೇಳಿದೆ.

"ಮಾವನ್ ಎಸ್ರ ನಾನೆಂಗೇಳ್ಲಿ ಸಾ?"

ವಾರಗಟ್ಟಲೆ ತಿದ್ದಿದ ಕೀಲಿ ಇಲ್ಲಿ ಬಂದು ನಿಂತಿತ್ತು. ಡಾಕ್ಟರು ಬಾಗಿಲಲ್ಲೇ ಕಾಯುತ್ತಿದ್ದರು. ಕೊನೆಗೆ ನಾನೇ ಇಬ್ಬರು ಗಂಡಂದಿರ ಹೆಸರನ್ನೂ ಓದಿದೆ. ಎರಡನೆಯದಕ್ಕೆ ಅಜ್ಜಿ ಸೆರಗು ಬಾಯಿಗೊತ್ತಿ ತಲೆ ತಗ್ಗಿಸಿದರು.

"ಅದೇಯ ಸಾ," ಎಂದಳು ಸೊಸೆ, ಗೋಡೆ ನೋಡುತ್ತಾ.

ಕಡತದಲ್ಲಿ ಪೆನಿಸಿಲಿನ್ ಎಂದಿತ್ತು. ಡಾಕ್ಟರು ಬೇರೆ ಔಷಧ ಬರೆದರು. ಒಂದು ಹೆಸರು ಹೇಳದ ಅವರಿಬ್ಬರ ಮೇಲಿನ ನನ್ನ ಸಿಟ್ಟು ಮಾತ್ರ ಊಟದ ಹೊತ್ತಿನವರೆಗೂ ಇಳಿಯಲಿಲ್ಲ.