ಒಂದನೇ ತಾರೀಖಿನ ನೋಟೀಸು

ಉಣಕಲ್ಲಿನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಆರು ವರ್ಷ ಕಾರ್ಯದರ್ಶಿಯಾಗಿ ನನಗೆ ಸಾಕಾಗಿತ್ತು. ಸಭೆಯಲ್ಲಿ ರಾಜೀನಾಮೆ ಪತ್ರ ಇಟ್ಟೆ. ಯಾರೂ ಅದನ್ನು ಮುಟ್ಟಲಿಲ್ಲ.

"ಇನ್ನೊಬ್ಬರು ಸಿಗೋತನಕ ನೀವ ನೋಡ್ರಿ ಕಾಕಾ," ಎಂದರು ಅಧ್ಯಕ್ಷರು.

ಈ ಸಲ ಒಂದನೇ ತಾರೀಖಿಗೆ ಮೇಂಟೆನೆನ್ಸ್ ನೋಟೀಸು ಕಳಿಸದಿದ್ದರೆ ತಾವಾಗಿಯೇ ಯಾರನ್ನಾದರೂ ಹುಡುಕುತ್ತಾರೆ ಎಂದುಕೊಂಡು ಸುಮ್ಮನಾದೆ.

ಒಂದನೇ ತಾರೀಖು ಬೆಳಿಗ್ಗೆ ಏಳಕ್ಕೆ ಚಹಾ ಕುಡಿಯುತ್ತಿದ್ದಾಗ ಮೊಬೈಲು ಮೇಲಿಂದ ಮೇಲೆ ಸದ್ದು ಮಾಡಿತು. ತೆರೆದರೆ ನಿವಾಸಿಗಳ ಗ್ರೂಪಿನಲ್ಲಿ ನನ್ನದೇ ನೋಟೀಸು: "ಈ ತಿಂಗಳ ನಿರ್ವಹಣಾ ಶುಲ್ಕವನ್ನು ಹತ್ತನೇ ತಾರೀಖಿನೊಳಗೆ ತುಂಬಬೇಕು. ತಡವಾದರೆ ದಂಡ ಬೀಳುತ್ತದೆ. ಕಾರ್ಯದರ್ಶಿ." ಒಂದು ತಿಂಗಳೂ ತಪ್ಪಬಾರದೆಂದು ಇಡೀ ವರ್ಷದ ನೋಟೀಸುಗಳು ತಾವಾಗಿಯೇ ಹೋಗುವಂತೆ ಏಪ್ರಿಲ್‌ನಲ್ಲೇ ಮೊಬೈಲಿನಲ್ಲಿ ದಿನ, ವೇಳೆ ಹಚ್ಚಿಟ್ಟವನು ನಾನೇ. ಅದನ್ನು ರದ್ದು ಮಾಡಲು ಮರೆತಿದ್ದೆ.

ಕೆಳಗೆ ಎರಡನೇ ಮಹಡಿಯ ಟೀಚರ್ ಬರೆದಿದ್ದರು: "ನಾ ಹೇಳಿದ್ನಿಲ್ಲೋ? ಕಾಕಾರು ಸಿಟ್ಟಿಗೆದ್ರೂ ಅವರ ಗಡಿಯಾರ ಸಿಟ್ಟಿಗೇಳೂದಿಲ್ಲ."

ಅಧ್ಯಕ್ಷರು ಕೈಮುಗಿದ ಚಿತ್ರ ಹಾಕಿ, "ರಾಜೀನಾಮಿ ವಾಪಸ್ ತಗೊಂಡ್ರಿ, ಛಲೋ ಆತು," ಎಂದಿದ್ದರು.

ಹಾಗಲ್ಲವೆಂದು ಬರೆಯತೊಡಗಿದೆ. ಅಷ್ಟರಲ್ಲಿ ಮೂರನೇ ಮಹಡಿಯವರು ಹಣ ಹಾಕಿದ ಸ್ಕ್ರೀನ್‌ಶಾಟ್ ಕಳಿಸಿ, "ರಸೀದಿ ಯಾವಾಗ್ರಿ?" ಎಂದರು.

ಬರೆದದ್ದನ್ನು ಅಳಿಸಿ, "ಸಂಜೆ ಐದಕ್ಕೆ," ಎಂದು ಕಳಿಸಿದೆ.