ನಾಲ್ಕು ಹಾಸಿಗೆಗೆ ಮಾವನ ಚೌಕಾಸಿ

ಹಾಸಿಗೆ ಅಂಗಡಿ ಇಟ್ಟಿರುವ ನಮ್ಮ ಮಾವ ಚೌಕಾಸಿಯಲ್ಲಿ ಸೋತವರೇ ಅಲ್ಲ. ಅಂಗಡಿಯ ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ನಾನು ಹಣ ಕೇಳಿದರೆ, "ಬರೆದು ಕೊಡಮ್ಮ" ಎಂದರು. ಪತ್ರವನ್ನೇ ಬರೆದುಕೊಟ್ಟೆ: ತಿಂಗಳಿಗೆ ಆರು ಸಾವಿರ, ಸುತ್ತಲಿನ ಐದು ಕಿಲೋಮೀಟರಿನವರಿಗೆ ಮಾತ್ರ ಜಾಹೀರಾತು. ತಿಂಗಳಿಗೆ ಅರವತ್ತು ಜನ ವಿಚಾರಿಸಬಹುದು, ಹತ್ತು ಜನ ಅಂಗಡಿಗೆ ಬರಬಹುದು, ನಾಲ್ಕು ಹಾಸಿಗೆ ಮಾರಾಟವಾಗಬಹುದು. ಮೂರು ತಿಂಗಳು ನೋಡಿ, ಇಷ್ಟು ಆಗದಿದ್ದರೆ ನಿಲ್ಲಿಸೋಣ.

ಮಾವ ಕನ್ನಡಕ ಏರಿಸಿದರು. "ನಾಲ್ಕೇನಾ? ಎಂಟು ಮಾಡು."

"ಎಂಟು ಬೇಕಂದ್ರೆ ಹನ್ನೆರಡು ಸಾವಿರ ಆಗುತ್ತೆ ಮಾವ. ಆದ್ರೂ ಗ್ಯಾರಂಟಿ ಇಲ್ಲ."

"ಹತ್ತು ಸಾವಿರ ಕೊಡ್ತೀನಿ, ಏಳು ಮಾಡು. ಮಾತು ಮುಗೀತು!"

ಗೆದ್ದ ಗತ್ತಿನಲ್ಲಿ ಸಹಿ ಹಾಕಿದರು. ನಾನು ಗೋದಾಮಿಗೆ ಓಡಿ ಹಾಸಿಗೆಯ ಮೇಲೆ ಕುಣಿದೆ.

"ಏನಮ್ಮ ಅದು ಸದ್ದು?"

"ಮೊದಲ ವಿಡಿಯೊಗೆ ಸ್ಪ್ರಿಂಗ್ ಪರೀಕ್ಷೆ, ಮಾವ!"

"ಇಬ್ಬರು ಕುಣಿದ್ರೆ ಎಂಟು ಹೋಗುತ್ತಾ?" ಎನ್ನುತ್ತ ಅವರೂ ಒಳಬಂದು ಚಪ್ಪಲಿ ಬಿಟ್ಟರು.