ಅಂಚಿನ ಕಾಲಾಳಿನ ಮೇಲೆ ನಿಂತ ಕೈ

ಆ ಆಟದ ಕೊನೆಯ ಮೂರು ನಡೆಗಳನ್ನು ಈಗಲೂ ದಿನಕ್ಕೊಮ್ಮೆಯಾದರೂ ಮನಸ್ಸಿನಲ್ಲೇ ಆಡುತ್ತೇನೆ. ಆಡಿದ್ದು ನಾನಲ್ಲ, ಸೊರಬದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನ್ನ ಅತ್ತಿಗೆ. ಶಿಕಾರಿಪುರದಲ್ಲಿ ಶಿಕ್ಷಕರ ಚೆಸ್ ಪಂದ್ಯ ಇತ್ತು. ಕೊನೆಯ ಸುತ್ತು ಗೆದ್ದರೆ ಅವರಿಗೆ ಜಿಲ್ಲಾ ತಂಡದಲ್ಲಿ ಜಾಗ. ಕಾಲೇಜು ತಂಡದಲ್ಲಿ ಆಡಿದವನೆಂದು ಅವರಿಗೆ ಆಟ ತಿದ್ದುತ್ತಿದ್ದವನು ನಾನೇ.

ಬೆಳಿಗ್ಗೆ ಒಂದು ಸುತ್ತು ಸೋತಿದ್ದರು. ಕಾಲಾಳುಗಳಿಲ್ಲದ ತೆರೆದ ಸಾಲಿಗೆ ಆನೆಯನ್ನು ತರಬೇಕಾದಾಗ, ರಾಜನ ಮುಂದಿನ ಅಂಚಿನ ಕಾಲಾಳನ್ನು ಒಂದು ಮನೆ ತಳ್ಳಿ ಕೂತರು. ಎದುರಾಳಿಯ ಆನೆ ಆ ಸಾಲು ಹಿಡಿಯಿತು. ಮಂಡಕ್ಕಿ ತಿನ್ನುವಾಗ ನಾನು ಸುಮ್ಮನಿರಲಿಲ್ಲ.

"ಯಾರೂ ಹೆದರಿಸದೇ ಇದ್ದಾಗ ಯಾಕೆ ಅತ್ತಿಗೆ ರಾಜನಿಗೆ ಕಿಟಕಿ ತೆಗಿತೀರಿ? ಒಂದು ನಡೆ ಹಾಳು."

"ಸೆಖೆ ಆಯ್ತು ಮಾರಾಯ, ತೆಗೆದೆ," ಎಂದರು. ನಾನು ನಗಲಿಲ್ಲ.

ಕೊನೆಯ ಸುತ್ತಿನಲ್ಲಿ ಬಿಳಿ ಕಾಯಿ ಅವರದು, ಒಂದು ಕಾಲಾಳು ಹೆಚ್ಚೇ ಇತ್ತು. ಅವರ ರಾಜ ಮೂಲೆಯ ಪಕ್ಕದ ಮನೆಯಲ್ಲಿ, ಮುಂದೆ ಕದಲದ ಮೂರು ಕಾಲಾಳುಗಳು. ಎದುರಾಳಿಯ ರಾಣಿ, ಅದರ ಹಿಂದೆ ಆನೆ, ಎರಡೂ ತೆರೆದ ಸಾಲಿನಲ್ಲಿ ಕೆಳಗೆ ನೋಡುತ್ತಿದ್ದವು. ರಾಜ ನಿಂತ ಕೊನೆಯ ಸಾಲಿನಲ್ಲಿ ಅವು ಇಳಿಯುವ ಮನೆಯನ್ನು ಅತ್ತಿಗೆಯ ಆನೆ, ರಾಣಿ ಎರಡೂ ಕಾಯುತ್ತಿದ್ದವು. ದೂರದಲ್ಲಿ ಯಾರೂ ಕಾಯದ ಒಂದು ಕಪ್ಪು ಕಾಲಾಳು.

ಅವರ ಕೈ ಅಂಚಿನ ಕಾಲಾಳಿನ ಮೇಲೆ ಬಂದು ನಿಂತಿತು. ಮುಟ್ಟಿದರೆ ಆಡಲೇಬೇಕು, ಮುಟ್ಟಿರಲಿಲ್ಲ. ತಲೆ ಎತ್ತಿ ಗೋಡೆಯ ಬಳಿ ನಿಂತಿದ್ದ ನನ್ನನ್ನು ನೋಡಿದರು. ಲೆಕ್ಕ ಹಾಕದೆಯೇ ನಾನು ಹುಬ್ಬು ಗಂಟಿಕ್ಕಿದ್ದೆ, ಬೆಳಗಿನ ಸಿಟ್ಟು. ಕೈ ಸರಿಯಿತು. ಅವರ ರಾಣಿ ಹೋಗಿ ದೂರದ ಆ ಕಪ್ಪು ಕಾಲಾಳನ್ನು ತಿಂದಿತು.

ಆಗ ಕಂಡಿತು ನನಗೆ, ಆ ಮನೆಗೆ ಈಗ ಆನೆಯೊಂದೇ ಕಾವಲು. ಬಾಯಿ ಬಿಡುವಂತಿಲ್ಲ.

ಎದುರಿಗೆ ಕೂತಿದ್ದ ಶಿಕಾರಿಪುರದ ಮೇಡಂ ತಮ್ಮ ರಾಣಿಯನ್ನೇ ಕೊನೆಯ ಸಾಲಿಗೆ ಇಳಿಸಿ ಚೆಕ್ ಕೊಟ್ಟರು. ಅತ್ತಿಗೆಗೆ ಬೇರೆ ದಾರಿಯೇ ಇಲ್ಲ, ಆನೆಯಿಂದ ಹೊಡೆದರು. ಆ ಆನೆಯನ್ನು ಕಪ್ಪು ಆನೆ ಹೊಡೆಯಿತು. ರಾಜನಿಗೆ ಹೊರಡಲು ತನ್ನ ಕಾಲಾಳುಗಳೇ ಅಡ್ಡ. ಮೇಟ್.

"ಪಾಪ, ಚಲೋ ಆಡಿದ್ರಿ," ಎಂದರು ಆ ಮೇಡಂ.

ಬೆಳಿಗ್ಗೆ ಅಂಚಿನ ಕಾಲಾಳಿನ ನಡೆ ಸುಮ್ಮನೆ ವ್ಯರ್ಥ. ಮಧ್ಯಾಹ್ನ, ರಾಣಿ ಕಾವಲು ಬಿಟ್ಟು ಹೊರಡುವ ಮೊದಲು, ಆಡಬೇಕಾದ ನಡೆ ಅದೊಂದೇ. ಆಗ ಅದಕ್ಕೆ ಬಿಡುವೂ ಇತ್ತು. ಈ ವ್ಯತ್ಯಾಸ ಹೇಳಿಕೊಡದೆ ಬರೀ ಬೈದಿದ್ದೆ.

ಸೊರಬದ ಬಸ್ಸಿನಲ್ಲಿ ಅದನ್ನೆಲ್ಲ ವಿವರಿಸತೊಡಗಿದೆ. ಅತ್ತಿಗೆ ಕಿಟಕಿಯ ಗಾಜು ಎಳೆದರು, ಅದು ಜಾಮ್ ಆಗಿತ್ತು.

"ಈಗ ಹೇಳ್ತೀಯಲ್ಲ," ಎಂದರು. "ಅಲ್ಲಿ ನಿನ್ನ ಮುಖ ನೋಡಿದ್ದೇ ನಂದು ತಪ್ಪು. ನಂಗೆ ಕಂಡಿತ್ತು ಕಣೋ."